ಹದಿನೈದು ಸಾವಿರ ಎಂದು ಬರೆದಿದೆ, ಕೈಗೆ ಬರುವುದೆಷ್ಟು? ಇಂಟರ್ನ್‌ಶಿಪ್ ಕರಾರಿನ ಮೂರು ಕಲಂಗಳು

ಕಲಬುರಗಿಯ ಕಾಲೇಜಿನಲ್ಲಿ ಕೊನೆಯ ವರ್ಷ ಓದುವ ಹುಡುಗ ಹುಡುಗಿಯರಿಗೆ ಬೆಂಗಳೂರಿನ ಕಂಪನಿಯಿಂದ ಇಂಟರ್ನ್‌ಶಿಪ್ ಸಿಕ್ಕಾಗ ಇಮೇಲ್‌ನಲ್ಲಿ ಸಾಮಾನ್ಯವಾಗಿ ಎರಡು ಫೈಲ್ ಬರುತ್ತವೆ. ಒಂದು, ಒಂದೇ ಪುಟದ ಆಫರ್ ಲೆಟರ್. ಇನ್ನೊಂದು, ಎಂಟೊಂಬತ್ತು ಪುಟದ ಇಂಗ್ಲಿಷ್ ಕರಾರು. ಎರಡು ಮೂರು ದಿನದೊಳಗೆ ಸಹಿ ಮಾಡಿ ಕಳಿಸಿ ಎಂಬ ಸಾಲು ಜೊತೆಗಿರುತ್ತದೆ. ಆಫರ್ ಲೆಟರ್ ಮನೆಮಂದಿಯೆಲ್ಲ ಓದುತ್ತಾರೆ. ಕರಾರನ್ನು ಮಾತ್ರ ಕೊನೆಯ ಪುಟಕ್ಕೆ ಸರಿಸಿ ಸಹಿ ಹಾಕಿಬಿಡುತ್ತಾರೆ. ಕರಾರು ತೋರಿಸಲು ನನ್ನ ಹತ್ತಿರ ಬರುವವರು ಕೇಳುವ ಪ್ರಶ್ನೆಯೂ ಬಹುತೇಕ ಒಂದೇ: "ಸರ, ತಿಂಗಳಿಗೆ ಹದಿನೈದು ಸಾವಿರ ಅಂತ ಬರ್ದಾರ. ಸಹಿ ಮಾಡ್ಲೇನ್ರಿ?"

ಹದಿನೈದು ಸಾವಿರ ಎಂದು ಬರೆದಿರುವುದು ನಿಜ. ಆದರೆ ಆ ಹಣ ಯಾವ ತಿಂಗಳಿಂದ ಬರುತ್ತದೆ, ಎಷ್ಟು ಕಡಿತವಾಗುತ್ತದೆ, ನಡುವೆ ಬಿಟ್ಟರೆ ಏನಾಗುತ್ತದೆ ಎಂಬುದು ಸ್ಟೈಪೆಂಡ್ ಕಲಮಿನಲ್ಲಿ ಪೂರ್ತಿ ಸಿಗುವುದಿಲ್ಲ. ಅದರ ಅರ್ಧ ಉತ್ತರ ಅವಧಿಯ ಕಲಮಿನಲ್ಲಿರುತ್ತದೆ. ಅವಧಿ ಮುಗಿದ ಮೇಲೂ ವಿದ್ಯಾರ್ಥಿಯನ್ನು ಕಟ್ಟಿಹಾಕುವ ಒಂದು ಭಾಗ ಗೌಪ್ಯತೆಯ ಕಲಮಿನಲ್ಲಿರುತ್ತದೆ. ಅದಕ್ಕೇ ಈ ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಓದಬೇಕು.

ಇಲ್ಲಿ ಒಂದು ಮಾದರಿ ಕರಾರು ಕಟ್ಟಿಕೊಳ್ಳೋಣ. ಆಳಂದ ಕಡೆಯ ಒಬ್ಬ ವಿದ್ಯಾರ್ಥಿನಿ, ಕಂಪ್ಯೂಟರ್ ಸೈನ್ಸ್. ಕಂಪನಿ ಬೆಂಗಳೂರಿನದು, ದಾಲ್ ಮಿಲ್‌ಗಳಿಗೆ ತೊಗರಿ ಖರೀದಿ ಮತ್ತು ಸ್ಟಾಕಿನ ಲೆಕ್ಕ ಇಡುವ ಸಾಫ್ಟ್‌ವೇರ್ ಮಾಡುತ್ತದೆ. ಇಂಟರ್ನ್‌ಶಿಪ್ ಫೆಬ್ರುವರಿಯಿಂದ ಜುಲೈವರೆಗೆ, ಆರು ತಿಂಗಳು. ಕಂಪನಿಯೂ ವಿದ್ಯಾರ್ಥಿನಿಯೂ ಕಲ್ಪನೆ. ಕಲಂಗಳು ಮಾತ್ರ ಇಂಥ ಕರಾರುಗಳಲ್ಲಿ ಮತ್ತೆ ಮತ್ತೆ ಕಾಣುವಂಥವು.

ಸ್ಟೈಪೆಂಡ್ ಕಲಂ

ಆಫರ್ ಲೆಟರಿನಲ್ಲಿ ತಿಂಗಳಿಗೆ 15,000 ರೂಪಾಯಿ ಎಂದಿದೆ. ಹುಡುಗಿಯ ಮನೆಯಲ್ಲಿ ಆರರಿಂದ ಗುಣಿಸಿ 90,000 ಎಂದು ಲೆಕ್ಕ ಹಾಕಿದ್ದಾರೆ. ಈಗ ಕರಾರು ಏನು ಹೇಳುತ್ತದೆ ನೋಡೋಣ.

ಮೊದಲ ವಾಕ್ಯದಲ್ಲಿ, ಸ್ಟೈಪೆಂಡ್ "ಅಪ್ ಟು" ಹದಿನೈದು ಸಾವಿರ ಎಂದಿದೆ. ಅಂದರೆ ಗರಿಷ್ಠ ಅಷ್ಟು. ಅದಕ್ಕಿಂತ ಕಡಿಮೆ ಕೊಟ್ಟರೂ ಕರಾರು ಮುರಿದಂತಲ್ಲ. ಮುಂದಿನ ವಾಕ್ಯದಲ್ಲಿ, ಮೊದಲ ಒಂದು ತಿಂಗಳು "ಇವ್ಯಾಲ್ಯುಯೇಶನ್ ಪಿರಿಯಡ್", ಆ ತಿಂಗಳಿಗೆ ಸ್ಟೈಪೆಂಡ್ ಇಲ್ಲ. ಅದರ ಮುಂದೆ, ಸ್ಟೈಪೆಂಡಿನ ಶೇ. 80 ಭಾಗ ಪ್ರತಿ ತಿಂಗಳು ಕೊಡಲಾಗುವುದು, ಉಳಿದ ಶೇ. 20 ಭಾಗ ಇಂಟರ್ನ್‌ಶಿಪ್ ಯಶಸ್ವಿಯಾಗಿ ಮುಗಿಸಿದ ಮೇಲೆ ಒಟ್ಟಿಗೆ ಕೊಡಲಾಗುವುದು ಎಂದಿದೆ. ನಂತರ ಎರಡು ಸಣ್ಣ ಮಾತು. ಒಂದು "ಇನ್ ಅರಿಯರ್ಸ್": ಕೆಲಸ ಮಾಡಿದ ತಿಂಗಳ ಹಣ ಮುಂದಿನ ತಿಂಗಳ 10ನೇ ತಾರೀಖಿನೊಳಗೆ. ಇನ್ನೊಂದು "ಪ್ರೋ ರೇಟಾ": ಬಂದ ದಿನಗಳಿಗೆ ಮಾತ್ರ, ಲೆಕ್ಕ ತಿಂಗಳಿಗೆ 30 ದಿನದಂತೆ. ಕೊನೆಗೆ "ಸಬ್ಜೆಕ್ಟ್ ಟು ಅಪ್ಲಿಕೇಬಲ್ ಟ್ಯಾಕ್ಸಸ್", ಅನ್ವಯಿಸುವ ತೆರಿಗೆ ಹಿಡಿದುಕೊಳ್ಳುತ್ತೇವೆ.

ಇದನ್ನು ರೂಪಾಯಿಯಲ್ಲಿ ಬಿಡಿಸೋಣ. ಫೆಬ್ರುವರಿಗೆ ಏನೂ ಇಲ್ಲ. ಮಾರ್ಚ್, ಏಪ್ರಿಲ್, ಮೇ, ಜುಲೈ ನಾಲ್ಕು ತಿಂಗಳು ಪೂರ್ತಿ ಬಂದಳು ಅಂದುಕೊಳ್ಳಿ. ಜೂನ್‌ನಲ್ಲಿ ಪರೀಕ್ಷೆಗೆಂದು 12 ದಿನ ಕಲಬುರಗಿಗೆ ಬಂದಳು. ಆ ತಿಂಗಳು 30ರಲ್ಲಿ 18 ದಿನದ ಲೆಕ್ಕ, ಅಂದರೆ 9,000. ನಾಲ್ಕು ತಿಂಗಳ 60,000ಕ್ಕೆ ಈ 9,000 ಸೇರಿಸಿದರೆ ಒಟ್ಟು 69,000. ಮನೆಯವರು ಹಾಕಿದ 90,000ದಲ್ಲಿ 21,000 ಇಲ್ಲಿಗೇ ಹೋಯಿತು. ಈ 69,000ದಲ್ಲೂ ಶೇ. 20, ಅಂದರೆ 13,800 ರೂಪಾಯಿ, ಜುಲೈ ಮುಗಿಯುವವರೆಗೆ ಕಂಪನಿಯ ಹತ್ತಿರವೇ ಇರುತ್ತದೆ. ತಿಂಗಳ ತಿಂಗಳ ಬಾಬತ್ತು ಉಳಿದದ್ದು 55,200.

ತೆರಿಗೆಯ ವಿಷಯದಲ್ಲಿ ಕಂಪನಿಗಳು ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಕೆಲವು ಸ್ಟೈಪೆಂಡನ್ನು ಸಂಬಳದಂತೆ ಲೆಕ್ಕ ಹಿಡಿಯುತ್ತವೆ. ಆಗ ಇಷ್ಟು ಸಣ್ಣ ಮೊತ್ತಕ್ಕೆ ಏನೂ ಕಡಿತವಾಗದು. ಇನ್ನು ಕೆಲವು ಅದನ್ನು ವೃತ್ತಿಪರ ಶುಲ್ಕ ಎಂದು ತೋರಿಸುತ್ತವೆ. ಆಗ ವರ್ಷದ ಮಿತಿ ದಾಟಿದ ಮೇಲೆ ಶೇ. 10ರಷ್ಟು ಟಿಡಿಎಸ್ ಹಿಡಿಯುತ್ತವೆ. ಪ್ಯಾನ್ ಕೊಡದಿದ್ದರೆ ಅದು ಶೇ. 20ಕ್ಕೆ ಏರುತ್ತದೆ. ಪೂರ್ತಿ ಮೊತ್ತದ ಮೇಲೆ ಶೇ. 10 ಹಿಡಿದರು ಎಂದಿಟ್ಟುಕೊಂಡರೆ ತಿಂಗಳ ಬಾಬತ್ತಿನ 55,200ದಲ್ಲಿ ಕೈಗೆ ಬರುವುದು 49,680. ಆರು ತಿಂಗಳಿಗೆ ಹಂಚಿದರೆ ತಿಂಗಳಿಗೆ 8,280 ರೂಪಾಯಿ. ಹಿಡಿದ ತೆರಿಗೆ ಹಾಳಾಗುವ ಹಣವಲ್ಲ. ವಿದ್ಯಾರ್ಥಿಗೆ ಬೇರೆ ಆದಾಯ ಇಲ್ಲದಿದ್ದರೆ ಮುಂದಿನ ವರ್ಷ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿ ಮರಳಿ ಪಡೆಯಬಹುದು. ಆದರೆ ಕಂಪನಿ ಹಿಡಿದ ಹಣವನ್ನು ನಿಮ್ಮ ಪ್ಯಾನ್ ಮೇಲೆ ಸರ್ಕಾರಕ್ಕೆ ಕಟ್ಟಿದೆಯೇ ಎಂದು ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ನೀವೇ ನೋಡಿಕೊಳ್ಳಬೇಕು. ಕಟ್ಟದೆ ಹಿಡಿದಿಟ್ಟುಕೊಂಡಿದ್ದರೆ ಅಲ್ಲಿ ಕಾಣುವುದಿಲ್ಲ.

ಮೊತ್ತಕ್ಕಿಂತ ಹೆಚ್ಚು ತೊಂದರೆ ಕೊಡುವುದು ಮೊದಲ ಹಣ ಬರುವ ದಿನ. ಫೆಬ್ರುವರಿಗೆ ಸ್ಟೈಪೆಂಡ್ ಇಲ್ಲ, ಮಾರ್ಚಿನದು ಏಪ್ರಿಲ್ 10ರೊಳಗೆ. ಅಲ್ಲಿಗೆ ಬೆಂಗಳೂರಿಗೆ ಹೋದ ದಿನದಿಂದ ಎರಡು ತಿಂಗಳ ಮೇಲೆ ಹತ್ತು ದಿನ ಪಿಜಿ ಬಾಡಿಗೆ, ಅದರ ಅಡ್ವಾನ್ಸ್, ಊಟ, ಬಸ್ಸು ಎಲ್ಲವೂ ಮನೆಯಿಂದಲೇ ಹೋಗಬೇಕು. ಸ್ಟೈಪೆಂಡ್ ಬರುತ್ತದಲ್ಲ ಎಂದು ಒಂದೇ ತಿಂಗಳ ಖರ್ಚು ಹಿಡಿದು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿದವರು ಮಾರ್ಚ್ ಹೊತ್ತಿಗೆ ಸಾಲ ಮಾಡುವುದು ಇದೇ ಕಾರಣಕ್ಕೆ. ಮನೆಯಿಂದಲೇ ಕೆಲಸ ಮಾಡಬಹುದೇ, ಅದು ಕರಾರಿನಲ್ಲಿ ಬರೆದಿದೆಯೇ ಎಂಬುದು ಆಗ ದೊಡ್ಡ ಪ್ರಶ್ನೆಯಾಗುತ್ತದೆ.

ಇಷ್ಟು ಹೇಳಿದಾಗ ಬರುವ ಮಾತು: "ಫೋನಿನ್ಯಾಗ ಎಚ್‌ಆರ್ ಮೇಡಂ ಮೊದಲನೇ ತಿಂಗಳದ್ದೂ ಕೊಡ್ತೀವಿ ಅಂದಾರ್ರಿ." ಹೇಳಿರಬಹುದು, ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಇಂಥ ಕರಾರಿನ ಕೊನೆಯ ಪುಟಗಳಲ್ಲಿ "ಎಂಟೈರ್ ಅಗ್ರಿಮೆಂಟ್" ಎಂಬ ಕಲಂ ಇರುತ್ತದೆ. ಇದಕ್ಕೂ ಮುಂಚೆ ಬಾಯಿಮಾತಿನಲ್ಲಿ, ಪತ್ರದಲ್ಲಿ, ಮೆಸೇಜಿನಲ್ಲಿ ಆದ ಎಲ್ಲ ಮಾತುಗಳ ಬದಲಿಗೆ ಈ ಕರಾರು ಒಂದೇ ನಡೆಯುತ್ತದೆ ಎಂಬುದು ಅದರ ಅರ್ಥ. ಫೋನಿನ ಮಾತಷ್ಟೇ ಅಲ್ಲ, ಆಫರ್ ಲೆಟರಿನ ಮಾತೂ ಅದರಡಿ ಹೋಗಬಹುದು. ಫೋನಿನಲ್ಲಿ ಹೇಳಿದ್ದನ್ನು ಕರಾರಿನಲ್ಲಿ ಸೇರಿಸಿಸಿಕೊಳ್ಳಬೇಕು. ಅದಾಗದಿದ್ದರೆ ಕಂಪನಿಯ ಇಮೇಲ್‌ನಿಂದ ಬರೆಸಿಕೊಂಡು, ಆ ಇಮೇಲ್ ಕರಾರಿನ ಭಾಗ ಎಂದು ಒಂದು ಸಾಲು ಹಾಕಿಸಬೇಕು.

ಖಾಸಗಿ ಕಂಪನಿಯ ಸಾಮಾನ್ಯ ಇಂಟರ್ನ್‌ಶಿಪ್‌ಗೆ ಇಷ್ಟೇ ಸ್ಟೈಪೆಂಡ್ ಕೊಡಬೇಕೆಂದು ಕಾನೂನಿನ ಕನಿಷ್ಠ ದರವಿಲ್ಲ. ಕರಾರಿನಲ್ಲಿ "ಅಪ್ರೆಂಟಿಸ್" ಎಂದಿದ್ದು, ಅದು 1961ರ ಅಪ್ರೆಂಟಿಸಸ್ ಕಾಯ್ದೆಯಡಿ ನೋಂದಣಿಯಾದ ಕರಾರಾಗಿದ್ದರೆ ವಿಷಯ ಬೇರೆ. ಅದಕ್ಕೆ ನಿಯಮಗಳಲ್ಲೇ ಕನಿಷ್ಠ ಸ್ಟೈಪೆಂಡ್ ಇದೆ. ಐಟಿಐ, ಡಿಪ್ಲೊಮಾ ಮುಗಿಸಿದ ಬೀದರ್, ಯಾದಗಿರಿಯ ಹುಡುಗರು ಈ ವ್ಯತ್ಯಾಸ ನೋಡಿಕೊಳ್ಳಬೇಕು.

ಅವಧಿಯ ಕಲಂ

ಆರು ತಿಂಗಳು ಎಂದರೆ ಎಲ್ಲಿಂದ ಎಲ್ಲಿಗೆ? ಕರಾರಿನಲ್ಲಿ ಎರಡು ತಾರೀಖುಗಳು ಇರುತ್ತವೆ. ಸಹಿ ಮಾಡಿದ ದಿನ "ಎಫೆಕ್ಟಿವ್ ಡೇಟ್", ಕೆಲಸಕ್ಕೆ ಸೇರುವ ದಿನ "ಕಮೆನ್ಸ್‌ಮೆಂಟ್ ಡೇಟ್". ಗೌಪ್ಯತೆಯ ಹೊಣೆ ಮೊದಲನೆಯ ದಿನದಿಂದಲೇ ಶುರು, ಸ್ಟೈಪೆಂಡಿನ ಲೆಕ್ಕ ಎರಡನೆಯ ದಿನದಿಂದ. ಜನವರಿಯಲ್ಲಿ ಸಹಿ ಮಾಡಿ, ಕಂಪನಿ ಸೇರುವ ದಿನವನ್ನು ಮುಂದೂಡುತ್ತ ಹೋದರೆ, ವಿದ್ಯಾರ್ಥಿ ಕಟ್ಟುಬಿದ್ದಿರುತ್ತಾನೆ, ಹಣ ಮಾತ್ರ ಶುರುವಾಗಿರುವುದಿಲ್ಲ.

ಕಾಲೇಜಿನ ಲೆಕ್ಕ ಮತ್ತು ಕಂಪನಿಯ ಲೆಕ್ಕ ತಾಳೆಯಾಗುತ್ತದೆಯೇ ಎಂಬುದನ್ನು ಸಹಿಗೆ ಮುಂಚೆಯೇ ನೋಡಬೇಕು. ವಿಶ್ವವಿದ್ಯಾಲಯದ ನಿಯಮದಲ್ಲಿ ಇಂಟರ್ನ್‌ಶಿಪ್ ವಾರಗಳಲ್ಲಿ ಇರುತ್ತದೆ, ಕರಾರಿನಲ್ಲಿ ತಿಂಗಳುಗಳಲ್ಲಿ. ಕಾಲೇಜಿಗೆ ವರದಿ ಕೊಡುವುದು, ವೈವಾ ನಡೆಯುವುದು ಮೇ, ಜೂನ್‌ನಲ್ಲಿದ್ದು ಕರಾರು ಜುಲೈಗೆ ಮುಗಿದರೆ ಪ್ರಮಾಣಪತ್ರ ಜುಲೈ ನಂತರವೇ ಕೈಗೆ ಬರುತ್ತದೆ. ಪ್ರಮಾಣಪತ್ರವಿಲ್ಲದೆ ಕಾಲೇಜಿನಲ್ಲಿ ಅಂಕ ಹಾಕುವುದಿಲ್ಲ. ಇದಕ್ಕೆ ಪರಿಹಾರ ಸುಲಭವೇ ಇದೆ. ಕಾಲೇಜಿಗೆ ಬೇಕಾದ ವಾರಗಳು ಮುಗಿದ ದಿನ ಮಧ್ಯಂತರ ಪತ್ರ ಕೊಡುತ್ತೇವೆ, ಪರೀಕ್ಷೆ ಮತ್ತು ವೈವಾದ ದಿನಗಳಿಗೆ ರಜೆ ಕೊಡುತ್ತೇವೆ ಎಂಬ ಒಂದು ಸಾಲನ್ನು ಕರಾರಿನಲ್ಲಿ ಕೇಳಬೇಕು. ಕೇಳಿದರೆ ಕಂಪನಿಗಳು ಸಾಮಾನ್ಯವಾಗಿ ಒಪ್ಪುತ್ತವೆ. ಕೇಳದೆ ಜೂನ್‌ನಲ್ಲಿ 12 ದಿನ ಊರಿಗೆ ಬಂದರೆ ಅದು ಅನುಮತಿಯಿಲ್ಲದ ಗೈರುಹಾಜರಿ ಆಗುತ್ತದೆ. ಸ್ಟೈಪೆಂಡ್ ಕಡಿತದ ಜೊತೆಗೆ "ಯಶಸ್ವಿಯಾಗಿ ಮುಗಿಸಿದ" ಎಂಬ ಮಾತಿಗೂ ಕುತ್ತು ಬರುತ್ತದೆ.

ಈ ಕಲಮಿನಲ್ಲಿ ಇನ್ನೊಂದು ಸಾಲಿದೆ: ಕಂಪನಿ ತನ್ನ ವಿವೇಚನೆಯಂತೆ ಅವಧಿಯನ್ನು ಮೂರು ತಿಂಗಳವರೆಗೆ ವಿಸ್ತರಿಸಬಹುದು. ಇಂಗ್ಲಿಷಿನಲ್ಲಿ "ಅಟ್ ಇಟ್ಸ್ ಸೋಲ್ ಡಿಸ್ಕ್ರೀಶನ್" ಎಂದಿರುತ್ತದೆ. ವಿದ್ಯಾರ್ಥಿಯ ಒಪ್ಪಿಗೆ ಬೇಕು ಎಂದು ಬರೆದಿಲ್ಲ. ಈಗ ಇದನ್ನು ಸ್ಟೈಪೆಂಡ್ ಕಲಮಿನ ಪಕ್ಕ ಇಟ್ಟು ನೋಡಿ. ತಡೆಹಿಡಿದ 13,800 ರೂಪಾಯಿ ಸಿಗುವುದು ಇಂಟರ್ನ್‌ಶಿಪ್ ಮುಗಿದ ಮೇಲೆ. ಮುಗಿಯುವ ದಿನವನ್ನೇ ಕಂಪನಿ ಅಕ್ಟೋಬರ್‌ಗೆ ತಳ್ಳಬಹುದಾದರೆ ಆ ಹಣವೂ ಅಕ್ಟೋಬರ್‌ಗೆ ಹೋಗುತ್ತದೆ. ಆಗಸ್ಟ್‌ನಲ್ಲಿ ಬೇರೆ ಕಡೆ ನೌಕರಿಗೆ ಸೇರಬೇಕಾದವರು ಬಿಟ್ಟು ಹೋದರೆ "ಮುಗಿಸದೆ ಹೋದವರು" ಆಗುತ್ತಾರೆ. ಎರಡೂ ಕಡೆಯ ಲಿಖಿತ ಒಪ್ಪಿಗೆಯಿಂದ ಮಾತ್ರ ವಿಸ್ತರಣೆ ಎಂದು ಈ ಒಂದು ಸಾಲನ್ನು ಬದಲಿಸಿಕೊಳ್ಳುವುದು ನನ್ನ ದೃಷ್ಟಿಯಲ್ಲಿ ಇಡೀ ಕರಾರಿನಲ್ಲೇ ಮಹತ್ವದ ತಿದ್ದುಪಡಿ.

ನಡುವೆ ಬಿಡುವ ವಿಷಯಕ್ಕೆ ಬರೋಣ. ನಮ್ಮ ಮಾದರಿ ಕರಾರಿನಲ್ಲಿ ಹೀಗಿದೆ: ವಿದ್ಯಾರ್ಥಿ ಬಿಡಬೇಕಾದರೆ 15 ದಿನ ಮುಂಚೆ ನೋಟಿಸ್ ಕೊಡಬೇಕು. ಕಂಪನಿ ಯಾವಾಗ ಬೇಕಾದರೂ ನಿಲ್ಲಿಸಬಹುದು. ವಿದ್ಯಾರ್ಥಿ ಅವಧಿಗೆ ಮುಂಚೆ ಬಿಟ್ಟರೆ ತಡೆಹಿಡಿದ ಹಣ "ಫಾರ್ಫೀಟ್", ಅಂದರೆ ಜಪ್ತಿ. ಮೇಲೆ ತರಬೇತಿ ವೆಚ್ಚವೆಂದು 25,000 ರೂಪಾಯಿ ಕಟ್ಟಿಕೊಡಬೇಕು. ಹುಡುಗಿ ಮೇ ಕೊನೆಗೆ, ಅಪ್ಪನ ಆರೋಗ್ಯ ಕೆಟ್ಟಿತೆಂದು ಬಿಟ್ಟಳು ಎಂದುಕೊಳ್ಳಿ. ಮಾರ್ಚ್, ಏಪ್ರಿಲ್, ಮೇಗೆ ತಲಾ 12,000ದಂತೆ 36,000 ಲೆಕ್ಕ, ತೆರಿಗೆ ಕಳೆದು 32,400. ತಡೆಹಿಡಿದ 9,000 ಹೋಯಿತು. ಅದರ ಮೇಲೆ 25,000 ಕೊಡಿ ಎಂದರೆ ನಾಲ್ಕು ತಿಂಗಳ ದುಡಿಮೆಗೆ ಉಳಿಯುವುದು 7,400.

ಇದನ್ನು ಓದಿ ಹೆದರುವವರು ಇದ್ದಾರೆ. ಇಂಥ ಬಾಂಡ್‌ಗಳೆಲ್ಲ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದು ಧೈರ್ಯ ಹೇಳುವವರೂ ಇದ್ದಾರೆ. ಎರಡೂ ಪೂರ್ತಿ ಸರಿಯಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಕರಾರಿನಲ್ಲಿ ಒಂದು ಮೊತ್ತ ಬರೆದಿದ್ದ ಮಾತ್ರಕ್ಕೆ ಅದು ಪೂರ್ತಿ ಸಿಗುವುದಿಲ್ಲ. ಬರೆದ ಮೊತ್ತ ಮೇಲಿನ ಮಿತಿ, ಅದರೊಳಗೆ ನ್ಯಾಯವಾದ ಪರಿಹಾರವಷ್ಟೇ ಕೊಡಿಸಲಾಗುತ್ತದೆ. ತರಬೇತಿಗೆ ಕಂಪನಿ ನಿಜಕ್ಕೂ ಖರ್ಚು ಮಾಡಿತೇ, ಎಷ್ಟು ಎಂಬ ಪ್ರಶ್ನೆ ಅಲ್ಲಿ ಬರುತ್ತದೆ. ಆನ್‌ಲೈನ್ ವಿಡಿಯೊ ನೋಡಿಸಿ ಕೆಲಸಕ್ಕೆ ಹಚ್ಚಿದ್ದರೆ 25,000ಕ್ಕೆ ಲೆಕ್ಕ ತೋರಿಸುವುದು ಸುಲಭವಲ್ಲ. ಆದರೆ 2025ರಲ್ಲಿ ವಿಜಯ ಬ್ಯಾಂಕ್‌ನ ಒಬ್ಬ ಅಧಿಕಾರಿಯ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮುಂಚೆ ನೌಕರಿ ಬಿಟ್ಟರೆ 2 ಲಕ್ಷ ರೂಪಾಯಿ ಎಂಬ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದಿದೆ. ಕರ್ನಾಟಕ ಹೈಕೋರ್ಟ್ ಅದಕ್ಕೂ ಮುಂಚೆ ನೌಕರನ ಪರವಾಗಿ ತೀರ್ಪು ಕೊಟ್ಟಿತ್ತು. ಅದು ಸಾರ್ವಜನಿಕ ಬ್ಯಾಂಕಿನ ನೌಕರಿಯ ವಿಷಯ, ಹೊಸ ನೇಮಕಾತಿ ಪ್ರಕ್ರಿಯೆಯ ಖರ್ಚಿನ ಪ್ರಶ್ನೆ ಅಲ್ಲಿತ್ತು. ಕಾಲೇಜು ಹುಡುಗಿಯ ಇಂಟರ್ನ್‌ಶಿಪ್‌ಗೆ ಅದನ್ನು ನೇರವಾಗಿ ಹೊಂದಿಸಲು ಬರುವುದಿಲ್ಲ. ಆದರೂ ಬಾಂಡ್ ಎಂದರೆ ಬರೀ ಕಾಗದ ಎಂದುಕೊಂಡು ಸಹಿ ಮಾಡುವುದು ತಪ್ಪು. ಅನಾರೋಗ್ಯ, ಕುಟುಂಬದ ತುರ್ತು, ಕಾಲೇಜಿನ ಆದೇಶ ಇಂಥ ಕಾರಣಕ್ಕೆ ಬಿಟ್ಟರೆ ಈ ಮೊತ್ತ ಅನ್ವಯಿಸದು ಎಂದು ಮುಂಚೆಯೇ ಬರೆಸಿಕೊಳ್ಳುವುದು, ಆಮೇಲೆ ವಕೀಲರ ಹತ್ತಿರ ಓಡಾಡುವುದಕ್ಕಿಂತ ಸುಲಭ. ಮೂಲ ಅಂಕಪಟ್ಟಿ ನಮ್ಮ ಹತ್ತಿರ ಇಡಿ ಎಂದು ಕೇಳಿದರೆ ಮಾತ್ರ ಒಪ್ಪಬೇಡಿ. ದೃಢೀಕರಿಸಿದ ಪ್ರತಿ ಸಾಕು.

ಡಿಪ್ಲೊಮಾ ಓದುವವರಲ್ಲಿ ಹದಿನೆಂಟು ತುಂಬದವರು ಇರುತ್ತಾರೆ. ಅವರು ಮಾಡಿದ ಕರಾರಿಗೆ ಕಾನೂನಿನಲ್ಲಿ ಬೆಲೆಯಿಲ್ಲ. ಹಾಗಾಗಿ ಕಂಪನಿಗಳು ತಂದೆ ತಾಯಿಯ ಸಹಿ ಕೇಳುತ್ತವೆ. ಆ ಸಹಿ ಬರೀ ಒಪ್ಪಿಗೆಯೋ, ದುಡ್ಡಿನ ಜಾಮೀನೋ ಎಂಬುದನ್ನು ಓದಿಯೇ ಸಹಿ ಹಾಕಿಸಬೇಕು. "ಗ್ಯಾರಂಟರ್" ಎಂದಿದ್ದರೆ ಅದು ಜಾಮೀನು.

ಗೌಪ್ಯತೆಯ ಕಲಂ

ಕಾನ್ಫಿಡೆನ್ಶಿಯಾಲಿಟಿ ಕಲಂ ಓದುವಾಗ ನಾಲ್ಕು ಸಂಗತಿ ಹುಡುಕಬೇಕು. ಯಾವುದು ಗುಟ್ಟು, ಯಾವುದು ಗುಟ್ಟಲ್ಲ, ಎಷ್ಟು ಕಾಲ, ಮತ್ತು ಬಿಟ್ಟುಹೋಗುವಾಗ ಏನು ಮಾಡಬೇಕು.

ನಮ್ಮ ಕರಾರಿನಲ್ಲಿ ಗುಟ್ಟಿನ ವ್ಯಾಖ್ಯೆ ತುಂಬ ಅಗಲವಾಗಿದೆ. ಕಂಪನಿಗೆ ಸಂಬಂಧಿಸಿದ ಯಾವುದೇ ಮಾಹಿತಿ, ಯಾವುದೇ ರೂಪದಲ್ಲಿ, "ಕಾನ್ಫಿಡೆನ್ಶಿಯಲ್" ಎಂದು ಅದರ ಮೇಲೆ ಬರೆದಿರಲಿ ಬರೆಯದಿರಲಿ, ಈ ಕರಾರಿನ ಷರತ್ತುಗಳೂ ಸೇರಿದಂತೆ. ಕೊನೆಯ ಮಾತನ್ನು ಗಮನಿಸಿ. ಇದರ ಪ್ರಕಾರ ನಿಮ್ಮ ಸ್ಟೈಪೆಂಡ್ ಎಷ್ಟೆಂದು ಗೆಳತಿಗೆ ಹೇಳುವುದೂ ಉಲ್ಲಂಘನೆ. ಆದರೆ ತಂದೆ ತಾಯಿಗೆ, ಕಾಲೇಜಿಗೆ, ವಕೀಲರಿಗೆ, ತೆರಿಗೆ ಸಲಹೆಗಾರರಿಗೆ ತೋರಿಸಬಹುದು ಎಂಬ ವಿನಾಯಿತಿ ಒಳ್ಳೆಯ ಕರಾರುಗಳಲ್ಲಿ ಇರುತ್ತದೆ. ಇಲ್ಲದಿದ್ದರೆ ಕೇಳಿ ಹಾಕಿಸಿಕೊಳ್ಳಬೇಕು. ಸಹಿ ಮಾಡುವ ಮುಂಚೆ ತೋರಿಸುವುದಕ್ಕೆ ಈ ಕಲಂ ಅಡ್ಡಿಯಲ್ಲ, ಏಕೆಂದರೆ ಸಹಿಯಾಗುವ ತನಕ ನೀವು ಅದಕ್ಕೆ ಒಪ್ಪಿಯೇ ಇಲ್ಲ.

ವಿನಾಯಿತಿಗಳು ಸಾಮಾನ್ಯವಾಗಿ ಇವು: ಸಾರ್ವಜನಿಕವಾಗಿ ಈಗಾಗಲೇ ಗೊತ್ತಿರುವುದು, ನಿಮಗೆ ಮುಂಚೆಯೇ ತಿಳಿದಿದ್ದುದು, ನೀವು ಸ್ವತಂತ್ರವಾಗಿ ಮಾಡಿದ್ದು, ಕೋರ್ಟು ಅಥವಾ ಸರ್ಕಾರ ಕೇಳಿದಾಗ ಹೇಳಲೇಬೇಕಾದದ್ದು. ಇವು ಇಲ್ಲದ ಕರಾರು ಅರ್ಧ ಬರೆದದ್ದು ಎಂದೇ ಹೇಳಬೇಕು. ನೀವು ಮೂರನೇ ವರ್ಷದಲ್ಲಿ ಮಾಡಿದ ಮಿನಿ ಪ್ರಾಜೆಕ್ಟಿನ ಕೋಡನ್ನೇ ಇಲ್ಲಿ ಬಳಸುವುದಾದರೆ, ಅದು ನಿಮ್ಮದು ಎಂದು ಸೇರುವ ಮುಂಚೆ ಇಮೇಲ್‌ನಲ್ಲಿ ತಿಳಿಸಿಡಿ. ಇಲ್ಲವಾದರೆ ಅದೂ ಕಂಪನಿಯದ್ದೆಂದು ಎಣಿಕೆಯಾಗುತ್ತದೆ. ಕಂಪನಿಯಲ್ಲಿ ಕುಳಿತು ಬರೆದ ಕೋಡ್ ಕಂಪನಿಯದು ಎಂಬ ಕಲಂ ಬೇರೆಯೇ ಇರುತ್ತದೆ, ಅದು ನ್ಯಾಯವೂ ಹೌದು.

ಈಗ ನಿಜವಾದ ಇಕ್ಕಟ್ಟಿಗೆ ಬರೋಣ. ಹುಡುಗಿ ಕಾಲೇಜಿಗೆ ವರದಿ ಬರೆಯಬೇಕು, ಅದರಲ್ಲಿ ತಾನು ಮಾಡಿದ ಕೆಲಸ ತೋರಿಸಬೇಕು. ಕೆಲಸವೇನೆಂದರೆ ಮಿಲ್‌ಗಳ ಖರೀದಿ ಪಟ್ಟಿಯನ್ನು ಸ್ಕ್ರೀನಿನ ಮೇಲೆ ತೋರಿಸುವ ಒಂದು ಪುಟ. ಅದರ ಸ್ಕ್ರೀನ್‌ಶಾಟ್ ತೆಗೆದರೆ ಅದರೊಳಗೆ ಕಲಬುರಗಿಯ ಯಾವ ಮಿಲ್ ಯಾವ ಅಡತಿಯಿಂದ ಎಷ್ಟು ಕ್ವಿಂಟಲ್ ತೊಗರಿ ಯಾವ ದರಕ್ಕೆ ಕೊಂಡಿತು ಎಂಬುದು ಕಾಣುತ್ತದೆ. ಈ ಪಟ್ಟಿ ಪಕ್ಕದ ಮಿಲ್‌ನವರ ಕೈಗೆ ಸಿಕ್ಕರೆ ಆಗುವ ನಷ್ಟ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಮೂರು ಮುದ್ರಿತ ಪ್ರತಿ ಕಾಲೇಜಿನಲ್ಲಿ ಉಳಿಯುತ್ತವೆ, ಒಂದು ಗ್ರಂಥಾಲಯಕ್ಕೂ ಹೋಗಬಹುದು. ಹುಡುಗಿಗೆ ಕೆಟ್ಟ ಉದ್ದೇಶವಿಲ್ಲ, ಆದರೂ ಕರಾರು ಮುರಿದಂತೆಯೇ.

ದಾರಿ ಏನೆಂದರೆ, ಸೇರುವಾಗಲೇ ಎರಡು ವಾಕ್ಯ ಕೇಳುವುದು. ಒಂದು, ವಿಶ್ವವಿದ್ಯಾಲಯಕ್ಕೆ ಬೇಕಾದ ವರದಿ, ಪ್ರಸ್ತುತಿ, ವೈವಾಗೆ ಅನುಮತಿ ಇದೆ. ಎರಡು, ವರದಿಯ ಕರಡನ್ನು ವಿದ್ಯಾರ್ಥಿ ಮುಂಚಿತವಾಗಿ ಕಂಪನಿಗೆ ತೋರಿಸುತ್ತಾಳೆ, ಏಳು ದಿನದೊಳಗೆ ಕಂಪನಿ ತಿದ್ದುಪಡಿ ಹೇಳಬೇಕು, ಹೇಳದಿದ್ದರೆ ಒಪ್ಪಿದಂತೆ. ಏಳು ದಿನ ಎಂಬ ಗಡುವು ಇಲ್ಲದಿದ್ದರೆ ಕರಡು ಯಾರದೋ ಇನ್‌ಬಾಕ್ಸಿನಲ್ಲಿ ಕೊಳೆಯುತ್ತದೆ, ಇಲ್ಲಿ ಸಲ್ಲಿಸುವ ದಿನ ದಾಟುತ್ತದೆ. ವರದಿಯೊಳಗೆ ಮಿಲ್‌ಗಳ ಹೆಸರಿನ ಬದಲು ಮಿಲ್ ಒಂದು, ಮಿಲ್ ಎರಡು ಎಂದು ಬರೆದು, ನಿಜವಾದ ದರದ ಬದಲು ತಾನೇ ತುಂಬಿದ ಮಾದರಿ ಅಂಕಿಗಳನ್ನು ಹಾಕಿ ಸ್ಕ್ರೀನ್‌ಶಾಟ್ ತೆಗೆಯಬೇಕು. ಪರೀಕ್ಷಕರು ನೋಡುವುದು ಕೆಲಸದ ವಿಧಾನವನ್ನು. ತೊಗರಿಯ ದರ ಅವರಿಗೆ ಬೇಕಿಲ್ಲ.

ವರದಿಗಿಂತ ಹೆಚ್ಚಾಗಿ ಹುಡುಗರು ಸಿಕ್ಕಿಬೀಳುವುದು GitHubನಲ್ಲಿ. ರಾತ್ರಿ ಪಿಜಿಯಲ್ಲಿ ಕುಳಿತು ಕೆಲಸ ಮುಂದುವರಿಸಲೆಂದು ಕೋಡನ್ನು ತಮ್ಮ ಸ್ವಂತ ಖಾತೆಗೆ ಹಾಕುತ್ತಾರೆ, ಅದು ಪಬ್ಲಿಕ್ ಆಗಿರುತ್ತದೆ. ಕೋಡಿನ ಜೊತೆ ಡೇಟಾಬೇಸಿನ ಪಾಸ್‌ವರ್ಡ್ ಇರುವ `.env` ಫೈಲೂ ಹೋಗುತ್ತದೆ. ಮರುದಿನ ಆ ಫೈಲನ್ನು ಅಳಿಸಿದರೂ ಹಳೆಯ ಕಮಿಟ್‌ನಲ್ಲಿ ಅದು ಉಳಿದಿರುತ್ತದೆ, ಹುಡುಕಿದರೆ ಸಿಗುತ್ತದೆ. ಇಂಥದ್ದು ಆದಾಗ ಮುಚ್ಚಿಡುವುದರಿಂದ ಪರಿಸ್ಥಿತಿ ಇನ್ನೂ ಕೆಡುತ್ತದೆ. ತಕ್ಷಣ ಮೇಲ್ವಿಚಾರಕರಿಗೆ ಲಿಖಿತವಾಗಿ ತಿಳಿಸಿದರೆ ಅವರು ಪಾಸ್‌ವರ್ಡ್ ಬದಲಿಸುತ್ತಾರೆ, ನಷ್ಟ ಅಲ್ಲಿಗೆ ನಿಲ್ಲುತ್ತದೆ. ಬಹಳಷ್ಟು ಕರಾರುಗಳಲ್ಲಿ ಹೀಗೆ ತಿಳಿಸುವುದೂ ಒಂದು ಹೊಣೆಯೇ.

ಎಷ್ಟು ಕಾಲ ಎಂಬುದಕ್ಕೆ "ಸರ್ವೈವ್" ಎಂಬ ಪದ ಎಲ್ಲಿದೆ ನೋಡಬೇಕು. ಇಂಟರ್ನ್‌ಶಿಪ್ ಜುಲೈಗೆ ಮುಗಿದರೂ ಗೌಪ್ಯತೆಯ ಹೊಣೆ ಅದರ ನಂತರವೂ ಬದುಕಿರುತ್ತದೆ ಎಂಬುದು ಅದರ ಅರ್ಥ. ಎರಡು ಅಥವಾ ಮೂರು ವರ್ಷ ಎಂದಿದ್ದರೆ ವಿದ್ಯಾರ್ಥಿಗೆ ಸಹ್ಯ. "ಪರ್ಪೆಚುಯಲ್" ಎಂದಿದ್ದರೆ ಜೀವನಪರ್ಯಂತ. ಗ್ರಾಹಕರ ವೈಯಕ್ತಿಕ ಮಾಹಿತಿ, ಸಾಫ್ಟ್‌ವೇರಿನ ಮೂಲ ಕೋಡ್ ಇಂಥವನ್ನು ಯಾವತ್ತೂ ಹೊರಗೆ ಬಿಡಬಾರದು ಎಂದರೆ ಅದರಲ್ಲಿ ಅರ್ಥವಿದೆ. ಆದರೆ ಆಫೀಸಿನಲ್ಲಿ ಕೇಳಿದ ಎಲ್ಲವೂ ಜೀವನಪರ್ಯಂತ ಗುಟ್ಟು ಎಂದರೆ, ಮುಂದಿನ ಸಂದರ್ಶನದಲ್ಲಿ ನೀವು ಏನು ಕೆಲಸ ಮಾಡಿದಿರಿ ಎಂದಾಗ ಬಾಯಿ ಬಿಡುವುದು ಹೇಗೆ? ಕಂಪನಿಯ ಹೆಸರು, ತಮ್ಮ ಪಾತ್ರ, ಬಳಸಿದ ತಂತ್ರಜ್ಞಾನ ಇಷ್ಟನ್ನು ರೆಸ್ಯೂಮೆಯಲ್ಲಿ, ಲಿಂಕ್ಡ್‌ಇನ್‌ನಲ್ಲಿ ಹಾಕಬಹುದು ಎಂದು ಒಂದು ಸಾಲು ಬೇಕು.

ಗೌಪ್ಯತೆಯ ಕಲಮಿನ ಮರೆಯಲ್ಲಿ ಇನ್ನೊಂದು ಷರತ್ತು ಬಂದು ಕೂತಿರುತ್ತದೆ: ಮುಗಿದ ಮೇಲೆ ಒಂದು ವರ್ಷ ಇದೇ ಬಗೆಯ ಬೇರೆ ಕಂಪನಿಯಲ್ಲಿ ಕೆಲಸ ಮಾಡಬಾರದು. ಇದು ಗೌಪ್ಯತೆಯಲ್ಲ, ನಾನ್ ಕಂಪೀಟ್. ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಒಬ್ಬರ ಕಸುಬು, ಉದ್ಯೋಗಕ್ಕೆ ಅಡ್ಡಿ ಮಾಡುವ ಕರಾರು ಅಷ್ಟರ ಮಟ್ಟಿಗೆ ಅನೂರ್ಜಿತ. ಕರಾರಿನ ಅವಧಿ ಮುಗಿದ ಮೇಲಿನ ಇಂಥ ನಿರ್ಬಂಧ ನಮ್ಮ ದೇಶದಲ್ಲಿ ನಡೆಯುವುದಿಲ್ಲ. ಅಲ್ಲಿ ಕಲಿತ ಕೌಶಲ ನಿಮ್ಮದು, ಅದನ್ನು ಎಲ್ಲಿ ಬೇಕಾದರೂ ಬಳಸಬಹುದು. ಆದರೆ ಅಲ್ಲಿಯ ಮಿಲ್‌ಗಳ ಪಟ್ಟಿಯನ್ನು ಹೊಸ ಕಂಪನಿಗೆ ಒಯ್ದರೆ 27ನೇ ಕಲಂ ನಿಮ್ಮನ್ನು ಕಾಪಾಡುವುದಿಲ್ಲ.

ಬಿಟ್ಟುಹೋಗುವ ದಿನ ಎಲ್ಲ ಮಾಹಿತಿ ಮರಳಿಸಿ, ತನ್ನ ಹತ್ತಿರದ ಪ್ರತಿ ಅಳಿಸಿ, ಅಳಿಸಿದ್ದೇನೆಂದು ಬರೆದುಕೊಡಬೇಕು ಎಂದಿರುತ್ತದೆ. ಸ್ವಂತ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡಿದವರಿಗೆ ಇದು ದೊಡ್ಡ ಕೆಲಸ. ಡೌನ್‌ಲೋಡ್ಸ್ ಫೋಲ್ಡರ್, ಗೂಗಲ್ ಡ್ರೈವ್, ತಂಡದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಬಂದು ಮೊಬೈಲಿನ ಗ್ಯಾಲರಿಗೆ ಸೇರಿದ ಚಿತ್ರಗಳು, ಎಲ್ಲವನ್ನೂ ನೋಡಬೇಕು. ಆದರೆ ಕರಾರಿನ ಪ್ರತಿ, ಸ್ಟೈಪೆಂಡ್ ಜಮಾ ಆದ ದಾಖಲೆ, ಹಾಜರಿಯ ಇಮೇಲ್, ರಜೆಗೆ ಸಿಕ್ಕ ಅನುಮತಿ ಇವು ನಿಮ್ಮ ಹಕ್ಕಿನ ಕಾಗದಗಳು. ಕಂಪನಿಯ ಇಮೇಲ್ ಖಾತೆ ಕೊನೆಯ ದಿನ ಬಂದ್ ಆಗುತ್ತದೆ, ಅದರಲ್ಲೇ ಎಲ್ಲ ಇಟ್ಟಿದ್ದರೆ ಆಮೇಲೆ ಏನೂ ಸಿಗುವುದಿಲ್ಲ. ಅದಕ್ಕೇ ಸೇರುವಾಗಿನಿಂದಲೇ ಸ್ಟೈಪೆಂಡ್, ರಜೆ, ಅವಧಿಯ ಮಾತನ್ನು ಸ್ವಂತ ಇಮೇಲ್‌ನಿಂದ ಆಡಬೇಕು.

ಕೇಳುವುದು ಹೇಗೆ, ಹಣ ಬರದಿದ್ದರೆ ಏನು

ತಿದ್ದುಪಡಿ ಕೇಳಿದರೆ ಇಂಟರ್ನ್‌ಶಿಪ್ಪೇ ಹೋಗುತ್ತದೆ ಎಂಬ ಭಯ ಮನೆಗಳಲ್ಲಿದೆ. ಹತ್ತು ಕಲಮಿಗೆ ತಕರಾರು ಎತ್ತಿದರೆ ಹೋಗಲೂಬಹುದು. ಹಾಗಾಗಿ ಆಯ್ದುಕೊಳ್ಳಬೇಕು. ನನ್ನ ಆಯ್ಕೆ ಮೂರೇ: ವಿಸ್ತರಣೆಗೆ ಎರಡೂ ಕಡೆಯ ಒಪ್ಪಿಗೆ, ಪರೀಕ್ಷೆಯ ರಜೆ ಮತ್ತು ಕಾಲೇಜು ವರದಿಗೆ ಅನುಮತಿ, ತಡೆಹಿಡಿದ ಹಣ ಕೊನೆಯ ದಿನದಿಂದ ಇಂತಿಷ್ಟು ದಿನದೊಳಗೆ. ಒಂದೇ ಇಮೇಲ್‌ನಲ್ಲಿ, ಪುಟ ಮತ್ತು ಕಲಮಿನ ಸಂಖ್ಯೆ ಹಾಕಿ, ಕಾಲೇಜಿನ ಪ್ಲೇಸ್‌ಮೆಂಟ್ ಅಧಿಕಾರಿಗೆ ಪ್ರತಿ ಇಟ್ಟು ಕೇಳಿ. ಕಾಲೇಜಿನ ನಿಯಮ ಹೀಗಿದೆ ಎಂದು ಹೇಳಿದಾಗ ಅದು ಹಟದಂತೆ ಕೇಳಿಸುವುದಿಲ್ಲ. ಒಪ್ಪಿದ್ದು ಕರಾರಿನಲ್ಲಿ ಬಂದ ಮೇಲೆ ಸಹಿ ಮಾಡಿ. ಸ್ಕ್ರೀನಿನಲ್ಲಿ `I Agree` ಒತ್ತುವುದೂ ಸಹಿಯೇ. ವಿದ್ಯುನ್ಮಾನ ರೀತಿಯಲ್ಲಿ ಆದ ಕರಾರಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಂ ಮಾನ್ಯತೆ ಕೊಟ್ಟಿದೆ. ಕಂಪನಿಯ ಕಡೆಯವರ ಸಹಿಯೂ ಇರುವ ಪ್ರತಿ ನಿಮ್ಮ ಕೈಗೆ ಬರಬೇಕು.

ಜುಲೈ ಮುಗಿದು ಹೇಳಿದ ದಿನ ದಾಟಿದರೂ 13,800 ಬರಲಿಲ್ಲ ಎನ್ನಿ. ಮೊದಲು ಕಲಮಿನ ಸಂಖ್ಯೆ, ಮೊತ್ತದ ಲೆಕ್ಕ, ಬ್ಯಾಂಕಿನ ವಿವರ ಹಾಕಿ ಇಮೇಲ್ ಬರೆಯಬೇಕು. ಫೋನು ಮಾಡಿದರೂ ಆಡಿದ ಮಾತನ್ನು ಅದೇ ದಿನ ಇಮೇಲ್‌ನಲ್ಲಿ ದಾಖಲಿಸಬೇಕು. ಕಾಲೇಜಿನಿಂದ ಒಂದು ಪತ್ರ ಹೋದರೆ ಅದರ ತೂಕ ಬೇರೆ, ಏಕೆಂದರೆ ಮುಂದಿನ ವರ್ಷವೂ ಕಂಪನಿಗೆ ಹುಡುಗರು ಬೇಕು. ಅದಕ್ಕೂ ಬಗ್ಗದಿದ್ದರೆ ಲೀಗಲ್ ನೋಟಿಸ್. ಕರಾರಿನಲ್ಲಿ ವ್ಯಾಜ್ಯವೆಲ್ಲ ಬೆಂಗಳೂರಿನ ಕೋರ್ಟಿನಲ್ಲೇ ಎಂದು ಬರೆದಿದ್ದರೂ ನೋಟಿಸ್ ಕಳಿಸಲು ಬೆಂಗಳೂರಿಗೆ ಹೋಗಬೇಕಿಲ್ಲ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ, ಉಳಿದವರಿಗೆ ಆದಾಯದ ಮಿತಿಯೊಳಗಿದ್ದರೆ, 1987ರ ಕಾಯ್ದೆಯಡಿ ಅಲ್ಲಿ ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಕರಾರಿನ ಪ್ರಕಾರ ಬರಬೇಕಾದ ಹಣಕ್ಕೆ ದಾವೆ ಹೂಡಲು ಅದು ಬಾಕಿಯಾದ ದಿನದಿಂದ ಮೂರು ವರ್ಷ ಕಾಲಾವಕಾಶವಿದೆ. ಇಮೇಲ್‌ಗೆ ಉತ್ತರ ಬರಲಿಲ್ಲ ಎಂದು ಒಂದೆರಡು ತಿಂಗಳಿಗೇ ಕೈಬಿಡುವ ಕಾರಣವಿಲ್ಲ.